ಗೆಲ್ಲುವ ಆಟದಲ್ಲೂ ಕೈ ಬರಿದಾಗುವುದೇಕೆ?

ನೂರಕ್ಕೆ 51 ಸಲ ನಿಮ್ಮ ಪರವಾಗಿ ಬೀಳುವ ನಾಣ್ಯವೊಂದು ಸಿಕ್ಕಿದೆ ಎಂದುಕೊಳ್ಳಿ. ಗೆದ್ದರೆ ₹100 ಬರುತ್ತದೆ, ಸೋತರೆ ₹100 ಹೋಗುತ್ತದೆ. ಅಂದರೆ ಪ್ರತಿ ಪಣಕ್ಕೂ ಸರಾಸರಿ ₹2 ಲಾಭ. ನಿಮ್ಮ ಬಳಿ ₹1,000 ಇದೆ. ಆಡುತ್ತಾ ಹೋದರೆ ಹಣ ಬೆಳೆಯಲೇಬೇಕಲ್ಲವೇ?

ಕಂಪ್ಯೂಟರಿನಲ್ಲಿ ಇದನ್ನು ಆಡಿಸಿ ನೋಡಬಹುದು. ತಲಾ ₹1,000 ಇರುವ 10,000 ಕಾಲ್ಪನಿಕ ಆಟಗಾರರನ್ನು ಸೃಷ್ಟಿಸಿ, ಪ್ರತಿ ಸುತ್ತಿಗೂ ಒಬ್ಬೊಬ್ಬರಿಗೆ 1ರಿಂದ 100ರೊಳಗಿನ ಒಂದು ಸಂಖ್ಯೆಯನ್ನು ಎತ್ತಿಸಬೇಕು. 51ರವರೆಗೆ ಬಂದರೆ ಗೆಲುವು. ಹಣ ಸೊನ್ನೆಯಾದವರನ್ನು ಅಲ್ಲಿಗೇ ನಿಲ್ಲಿಸಬೇಕು. ಈ ಕೊನೆಯ ನಿಯಮವನ್ನು ಮರೆತರೆ ಸಾಲದಲ್ಲಿ ಮುಳುಗಿದವರೂ ಮತ್ತೆ ಮೇಲೆದ್ದು ಬರುತ್ತಾರೆ, ಲೆಕ್ಕ ಸುಳ್ಳಾಗಿಯೇ ಚೆನ್ನಾಗಿ ಕಾಣುತ್ತದೆ.

ಸರಿಯಾಗಿ ಆಡಿಸಿದರೆ, ಮೊದಲ 100 ಪಣಗಳೊಳಗೇ ಸುಮಾರು ಕಾಲು ಭಾಗ ಜನ ದಿವಾಳಿಯಾಗುತ್ತಾರೆ. 1,000 ಪಣಗಳ ಹೊತ್ತಿಗೆ ನೂರಕ್ಕೆ ಸುಮಾರು 59 ಮಂದಿ. ಕೊನೆಯೇ ಇಲ್ಲದಂತೆ ಆಡಿದರೆ ಅದು 67ಕ್ಕೆ ಹೋಗಿ ನಿಲ್ಲುತ್ತದೆ. ಉಳಿದವರ ಹಣ ಬಹಳ ಬೆಳೆದಿರುವುದರಿಂದ ಎಲ್ಲರ ಸರಾಸರಿ ಮಾತ್ರ ಏರುತ್ತಲೇ ಇರುತ್ತದೆ. ಬರೀ ಸರಾಸರಿ ನೋಡಿದವರಿಗೆ ಬೀದಿಗೆ ಬಿದ್ದವರು ಕಾಣುವುದೇ ಇಲ್ಲ.

ನೂರು ಪಣಗಳಲ್ಲಿ ನಿರೀಕ್ಷಿತ ಲಾಭ ₹200. ಆದರೆ ಅಷ್ಟೇ ಪಣಗಳಲ್ಲಿ ಅದೃಷ್ಟದ ಏರಿಳಿತ ಸಾಮಾನ್ಯವಾಗಿ ₹1,000ದಷ್ಟಿರುತ್ತದೆ, ಅಂದರೆ ನಿಮ್ಮ ಇಡೀ ಬಂಡವಾಳದಷ್ಟು. 10,000 ಪಣಗಳಾದರೆ ಲಾಭ ₹20,000, ಏರಿಳಿತ ₹10,000. ಆಗ ಅನುಕೂಲವೇ ಮೇಲುಗೈ ಪಡೆಯುತ್ತದೆ. ಅಲ್ಲಿಯವರೆಗೆ ಬಂಡವಾಳ ಉಳಿಯಬೇಕು, ಅಷ್ಟೇ.

ಉಳಿಸುವ ದಾರಿ ಪಣದ ಗಾತ್ರದಲ್ಲಿದೆ. ಅದೇ ₹1,000 ಇಟ್ಟುಕೊಂಡು ₹20ರಂತೆ ಆಡಿದರೆ ಎಂದಾದರೂ ದಿವಾಳಿಯಾಗುವವರು ನೂರಕ್ಕೆ 13–14 ಮಂದಿ. ₹10ರಂತೆ ಆಡಿದರೆ ಇಬ್ಬರಿಗಿಂತ ಕಡಿಮೆ. ನಾಣ್ಯ ಬದಲಾಗಲಿಲ್ಲ, ಆಟಗಾರ ಜಾಣನಾಗಲಿಲ್ಲ. ಪಣ ಚಿಕ್ಕದಾಯಿತು.

ಮನುಷ್ಯರಿಗೆ ಇದು ಸುಲಭವಲ್ಲ. ವಿಕ್ಟರ್ ಹಘಾನಿ ಮತ್ತು ರಿಚರ್ಡ್ ಡ್ಯೂಯಿ 2016ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 61 ಜನರಿಗೆ ತಲಾ 25 ಡಾಲರ್ ಕೊಟ್ಟು, ಶೇ 60 ಸಲ ಹೆಡ್ ಬೀಳುವ ನಾಣ್ಯದ ಮೇಲೆ ಪಣ ಕಟ್ಟಿಸಿದ್ದರು. ಅವರಲ್ಲಿ ಹೆಚ್ಚಿನವರು ಹಣಕಾಸು, ಅರ್ಥಶಾಸ್ತ್ರ ಓದಿದವರು ಅಥವಾ ಆ ಕ್ಷೇತ್ರದಲ್ಲೇ ದುಡಿಯುವವರು. ಇಷ್ಟು ದೊಡ್ಡ ಅನುಕೂಲವಿದ್ದೂ ಶೇ 28ರಷ್ಟು ಜನ ಎಲ್ಲವನ್ನೂ ಕಳೆದುಕೊಂಡರು.

ಅಲ್ಲಿ ಶೇ 60 ಎಂಬುದು ಮೊದಲೇ ಗೊತ್ತಿತ್ತು. ಷೇರು ವಹಿವಾಟಿನಲ್ಲಿ ತನಗೆ ಶೇ 51ರ ಅನುಕೂಲವಿದೆ ಎನ್ನುವವರಿಗೆ ಆ ಖಾತರಿ ಇಲ್ಲ. 51ನ್ನು 50ರಿಂದ ಬೇರ್ಪಡಿಸಿ ಹೇಳಲು ಸುಮಾರು 10,000 ಪಣಗಳ ದಾಖಲೆ ಬೇಕು. ಅದು ನಿಜಕ್ಕೂ 50 ಆಗಿದ್ದರೆ, ಬಂಡವಾಳ ಎಷ್ಟೇ ಇರಲಿ, ನಿಲ್ಲಿಸದೆ ಆಡುವವನು ಕೊನೆಗೆ ಸೊನ್ನೆಗೆ ಬರುವುದು ಖಚಿತ.