ಟಿ.ವಿ. ಸುಡುವುದು ನ್ಯೂಟ್ರಲ್ ಕಟ್ ಆದಾಗ

ಹೊಸ ಎಲ್‌ಇಡಿ ಟಿ.ವಿ. ಕೊಂಡವರಿಗೆ ಅಂಗಡಿಯವರು ಜೊತೆಗೊಂದು ಸ್ಟೆಬಿಲೈಸರ್ ಕಟ್ಟಿಕೊಡಲು ನೋಡುತ್ತಾರೆ. ಹ್ಞೂಂ ಅನ್ನುವ ಮೊದಲು ಟಿ.ವಿ.ಯ ಬೆನ್ನಿಗೆ ಅಂಟಿಸಿರುವ ಚೀಟಿ ಓದಿ. ಹೆಚ್ಚಿನವುಗಳಲ್ಲಿ 100-240V~ 50/60Hz ಎಂದಿರುತ್ತದೆ. ಕಂಪ್ಯೂಟರ್ ಮಾನಿಟರ್‌ನ ಅಡಾಪ್ಟರ್ ಮೇಲೂ ಬಹುಪಾಲು ಇದೇ ಬರಹ. ನಮ್ಮ ಮನೆಗೆ ಬರಬೇಕಾದದ್ದು 230 ವೋಲ್ಟ್. ಸುತ್ತಲಿನ ಪಂಪ್‌ಸೆಟ್‌ಗಳೆಲ್ಲ ಶುರುವಾಗಿ ಅದು 150ಕ್ಕೆ ಇಳಿದರೆ ಫ್ಯಾನು ತೆವಳುತ್ತದೆ, ಇಂಥ ಟಿ.ವಿ. ತನ್ನ ಪಾಡಿಗೆ ಓಡುತ್ತದೆ. ಹಳೆಯ ಪಿಕ್ಚರ್ ಟ್ಯೂಬ್ ಕಾಲದಲ್ಲಿ ವೋಲ್ಟೇಜ್ ಇಳಿದರೆ ಚಿತ್ರವೇ ಕುಗ್ಗುತ್ತಿತ್ತು; ಸ್ಟೆಬಿಲೈಸರ್ ಕೊಳ್ಳುವ ರೂಢಿ ಉಳಿದದ್ದು ಅಲ್ಲಿಂದ. ಈಗಿನ ಟಿ.ವಿ.ಗೆ ಅಪಾಯ ವೋಲ್ಟೇಜ್ ಏರಿದಾಗ ಮಾತ್ರ.

ಹಾಗೆ ಏರುವುದಕ್ಕೆ ಅತಿ ಕೆಟ್ಟ ಕಾರಣ ಬೀದಿಯಲ್ಲಿ ನ್ಯೂಟ್ರಲ್ ಕಟ್ ಆಗುವುದು. ಕಂಬದ ಮೇಲೆ ಮೂರು ಫೇಸ್ ತಂತಿ, ಒಂದು ನ್ಯೂಟ್ರಲ್ ಇರುತ್ತವೆ. ಒಂದು ಫೇಸ್‌ಗೂ ನ್ಯೂಟ್ರಲ್‌ಗೂ ನಡುವೆ 230 ವೋಲ್ಟ್, ಎರಡು ಫೇಸ್‌ಗಳ ನಡುವೆ 400. ಕೊಂಬೆ ಬಿದ್ದೋ, ಜಾಯಿಂಟ್ ತುಕ್ಕು ಹಿಡಿದೋ ನ್ಯೂಟ್ರಲ್ ತುಂಡಾಯಿತು ಅನ್ನಿ. ಆಗ ಬೇರೆ ಬೇರೆ ಫೇಸ್‌ನಲ್ಲಿರುವ ಎರಡು ಮನೆಗಳು ಒಂದರ ಹಿಂದೆ ಒಂದು ಜೋಡಿಸಿದಂತಾಗಿ, ಆ 400 ವೋಲ್ಟನ್ನು ಹಂಚಿಕೊಳ್ಳುತ್ತವೆ. ಹಂಚಿಕೆಯಲ್ಲಿ ನ್ಯಾಯವಿಲ್ಲ. ಒಂದು ಮನೆಯಲ್ಲಿ 2000 ವಾಟ್‌ನ ಗೀಸರ್, ಇನ್ನೊಂದರಲ್ಲಿ ಟಿ.ವಿ., ಬಲ್ಬು ಸೇರಿ 100 ವಾಟ್ ಉರಿಯುತ್ತಿದ್ದರೆ, ಗೀಸರ್ ಮನೆಗೆ ಸುಮಾರು 20 ವೋಲ್ಟ್ ಸಿಗುತ್ತದೆ, ಟಿ.ವಿ. ಮನೆಯ ಮೇಲೆ 380 ಬಂದು ಬೀಳುತ್ತದೆ! ಕಡಿಮೆ ಕರೆಂಟ್ ಬಳಸುವವರಿಗೇ ಹೆಚ್ಚು ಏಟು.

ಟಿ.ವಿ.ಯ ಒಳಗಿನ ಪವರ್ ಬೋರ್ಡಿನಲ್ಲಿ ಹೆಬ್ಬೆರಳು ಗಾತ್ರದ ಒಂದು ಕೆಪಾಸಿಟರ್ ಇರುತ್ತದೆ. ಮಾಮೂಲು ದಿನ ಅದರ ಮೇಲೆ 325 ವೋಲ್ಟ್ ಡಿಸಿ ಇರುತ್ತದೆ, ತಾಳುವ ಮಿತಿ ಸಾಮಾನ್ಯವಾಗಿ 400 ಅಥವಾ 450. 380 ವೋಲ್ಟ್ ಎಸಿ ಬಂದರೆ ಅದು 530 ದಾಟುತ್ತದೆ. ಕೆಪಾಸಿಟರ್ ನೆತ್ತಿ ಉಬ್ಬಿ ಒಡೆಯುತ್ತದೆ. ಅದೃಷ್ಟವಿದ್ದರೆ ಅದಕ್ಕೂ ಮೊದಲು ಫ್ಯೂಸ್ ಹೋಗಿ ರಿಪೇರಿ ಅಗ್ಗದಲ್ಲಿ ಮುಗಿಯುತ್ತದೆ.

ಇಲ್ಲಿ ಕೈಹಿಡಿಯುವುದು ಹೈ ಕಟ್-ಆಫ್ ಇರುವ ಸ್ಟೆಬಿಲೈಸರ್. ವೋಲ್ಟೇಜ್ ನಿಗದಿತ ಮಿತಿ ದಾಟಿದರೆ ಅದರ ರಿಲೇ ಟಕ್ಕೆಂದು ಟಿ.ವಿ.ಗೆ ಹೋಗುವ ಕರೆಂಟನ್ನೇ ಬಿಡಿಸುತ್ತದೆ. ನಮಗೆ ಬೇಕಿರುವುದು ಆ ಬಿಡಿಸುವ ಗುಣ; ಏರಿಸಿ ಇಳಿಸುವ ಗುಣಕ್ಕೆ ಈಗ ಅಷ್ಟು ಬೆಲೆಯಿಲ್ಲ. ಇದೇ ಕೆಲಸವನ್ನು ಇಡೀ ಮನೆಗೆ ಮಾಡುವ ಓವರ್ ವೋಲ್ಟೇಜ್ ಪ್ರೊಟೆಕ್ಟರ್ ಅನ್ನು ಎಲೆಕ್ಟ್ರೀಷಿಯನ್ ಕೈಯಲ್ಲಿ ಎಂಸಿಬಿ ಡಬ್ಬಿಯಲ್ಲೇ ಹಾಕಿಸಬಹುದು. ನನ್ನನ್ನು ಕೇಳಿದರೆ, ಟಿ.ವಿ.ಗೊಂದು ಫ್ರಿಜ್ಜಿಗೊಂದು ಅಂತ ಡಬ್ಬಿ ಜೋಡಿಸುವುದಕ್ಕಿಂತ ಅದೇ ಮೇಲು.

ಆದರೆ ಸಿಡಿಲಿನ ಸಮಯದ ಏಟಿಗೆ ಈ ರಿಲೇ ಸಾಲದು. ಅದು ಸೆಕೆಂಡಿನ ಲಕ್ಷ ಪಾಲಿನಲ್ಲಿ ಕೆಲವೇ ಪಾಲು ಇದ್ದು ಮಾಯವಾಗುತ್ತದೆ, ಅಷ್ಟರೊಳಗೆ ರಿಲೇ ಅಲ್ಲಾಡುವುದೂ ಇಲ್ಲ. ಸರ್ಜ್ ಪ್ರೊಟೆಕ್ಟರ್ ಇರುವುದು ಇದಕ್ಕೆ. ಅದರೊಳಗಿನ ಬಿಲ್ಲೆಯಂಥ ವೇರಿಸ್ಟರ್, ವೋಲ್ಟೇಜ್ ಹಠಾತ್ ಜಿಗಿದಾಗ ತಾನೇ ದಾರಿ ಬಿಟ್ಟು ಏಟನ್ನು ನ್ಯೂಟ್ರಲ್‌ಗೋ ಅರ್ತ್‌ಗೋ ಹರಿಸುತ್ತದೆ. ಹಾಗಂತ ಅದನ್ನೇ ನಂಬಿ ನ್ಯೂಟ್ರಲ್ ಕಟ್ ಎದುರಿಸಲಾಗದು. ನಿಮಿಷಗಟ್ಟಲೆ 380 ವೋಲ್ಟ್ ನಿಂತರೆ ವೇರಿಸ್ಟರ್ ಕಾದು ಸುಟ್ಟೇ ಹೋಗುತ್ತದೆ. ಸಣ್ಣಪುಟ್ಟ ಏಟುಗಳಿಂದಲೂ ಅದು ಸವೆಯುತ್ತದೆ. ಆದ್ದರಿಂದ ಅದರ ಸ್ಥಿತಿ ತೋರಿಸುವ ದೀಪವಿರುವುದನ್ನೇ ಕೊಳ್ಳಿ. ದೀಪ ಆರಿದ ಮೇಲೆ ಅದು ಬರೀ ಎಕ್ಸ್‌ಟೆನ್ಷನ್ ಬೋರ್ಡು. ಮಾರುಕಟ್ಟೆಯಲ್ಲಿ ಸ್ಪೈಕ್ ಗಾರ್ಡ್ ಹೆಸರಿನಲ್ಲಿ ವೇರಿಸ್ಟರೇ ಇಲ್ಲದ ಬೋರ್ಡುಗಳೂ ಸಿಗುತ್ತವೆ. ಡಬ್ಬದ ಮೇಲೆ ಎಷ್ಟು ಜೂಲ್ ಎಂದು ಬರೆದಿಲ್ಲದಿದ್ದರೆ ಅನುಮಾನ ಪಡಿ.

ಅರ್ತಿಂಗ್ ಇಲ್ಲದ ಮನೆಯಲ್ಲಿ ಅದರ ಅರ್ಧ ಕೆಲಸ ನಿಂತುಹೋಗುತ್ತದೆ. ಎಲೆಕ್ಟ್ರೀಷಿಯನ್ ಮಲ್ಟಿಮೀಟರ್ ಹಿಡಿದು ಮೂರು ಪಿನ್ ಸಾಕೆಟ್ಟಿನಲ್ಲಿ ಫೇಸ್‌ಗೂ ಅರ್ತ್‌ಗೂ ಅಳೆದಾಗ 230ರ ಆಸುಪಾಸು, ನ್ಯೂಟ್ರಲ್‌ಗೂ ಅರ್ತ್‌ಗೂ ಅಳೆದಾಗ ಒಂದೆರಡು ವೋಲ್ಟ್ ಬರಬೇಕು. ಇನ್ನು ಡಿಶ್‌ನ ಕೇಬಲ್ಲು, ಇಂಟರ್‌ನೆಟ್‌ನ ತಾಮ್ರದ ತಂತಿ ಇವು ಸ್ಪೈಕ್ ಗಾರ್ಡನ್ನು ಬಳಸಿಕೊಂಡು ಬರುವುದೇ ಇಲ್ಲ. ಸಿಡಿಲಿನ ಏಟು ಆ ದಾರಿಯಲ್ಲಿ ಸೆಟ್‌ಟಾಪ್ ಬಾಕ್ಸ್‌ಗೆ ಬಂದು, ಎಚ್‌ಡಿಎಂಐ ಮೂಲಕ ಟಿ.ವಿ.ಯ ಮೇನ್ ಬೋರ್ಡನ್ನೇ ಸುಡುತ್ತದೆ. ಏಪ್ರಿಲ್-ಮೇ ತಿಂಗಳ ಗುಡುಗು ದೂರದಲ್ಲಿ ಕೇಳಿದಾಗಲೇ ಪ್ಲಗ್ಗು, ಕೇಬಲ್ಲು ಎರಡನ್ನೂ ಕಿತ್ತಿಡಿ. ಸಿಡಿಲು ತಲೆಯ ಮೇಲೆ ಬಂದ ಮೇಲೆ ತಂತಿಗೆ ಕೈ ಹಾಕಬೇಡಿ.

ನ್ಯೂಟ್ರಲ್ ಸಡಿಲವಾಗುತ್ತಿದ್ದರೆ ಕೆಲವೊಮ್ಮೆ ಮುನ್ಸೂಚನೆ ಸಿಗುತ್ತದೆ. ಮಿಕ್ಸಿ ಹಾಕಿದೊಡನೆ ಬಲ್ಬು ಪ್ರಖರವಾಗುವುದು, ಫ್ಯಾನು ತಾನೇ ಜೋರಾಗಿ ಆಮೇಲೆ ನಿಧಾನವಾಗುವುದು, ಪಕ್ಕದ ಮನೆಯಲ್ಲಿ ದೀಪ ಮಂಕಾದಾಗ ನಿಮ್ಮಲ್ಲಿ ಬೆಳಗುವುದು. ಕಂಡ ತಕ್ಷಣ ಮೇನ್ ಸ್ವಿಚ್ ಇಳಿಸಿ 1912ಕ್ಕೆ ಫೋನ್ ಮಾಡಿ. ಲೈನ್‌ಮನ್ ಬಂದು ಜಾಯಿಂಟ್ ಸರಿಮಾಡುವವರೆಗೆ ಸ್ವಿಚ್ ಏರಿಸಬೇಡಿ.