ಕೆಲಸ ಬಿಟ್ಟ ಮೇಲೂ ಆ ಷರತ್ತು ನಮ್ಮನ್ನ ಕಟ್ಟಿಹಾಕುತ್ತಾ?

ವಕೀಲೆಯಾಗಿ ನಾನು ಬರೆದುಕೊಟ್ಟ ಒಂದು ಕಾನೂನು ಅಭಿಪ್ರಾಯದ ಬಗ್ಗೆ ಇವತ್ತು ಮಾತಾಡ್ತೀನಿ. ಕಕ್ಷಿದಾರರ ಗುರುತು ಸಿಗದ ಹಾಗೆ ಕೆಲವು ವಿವರ ಬದಲಾಯಿಸಿದ್ದೀನಿ.

ಬೆಂಗಳೂರಿನ ಒಬ್ಬ ಸಾಫ್ಟ್‌ವೇರ್ ಇಂಜಿನಿಯರ್. ಪೇಮೆಂಟ್ ಆಪ್ ಮಾಡೋ ಕಂಪನಿಯಲ್ಲಿ ನಾಲ್ಕು ವರ್ಷ ಇದ್ದರು. ಅದೇ ವ್ಯವಹಾರದ ಇನ್ನೊಂದು ಕಂಪನಿಯಿಂದ ಆಫರ್ ಬಂತು, ರಾಜೀನಾಮೆ ಕೊಟ್ಟರು. ಎರಡೇ ದಿನಕ್ಕೆ ಎಚ್‌ಆರ್‌ನಿಂದ ಮೇಲ್ ಬಂತು: ಕೆಲಸ ಬಿಟ್ಟು 12 ತಿಂಗಳು ಪ್ರತಿಸ್ಪರ್ಧಿ ಕಂಪನಿಗೆ ಸೇರುವಂತಿಲ್ಲ. "ಸಹಿ ಹಾಕಿದ್ದು ನಾನೇ ಅಲ್ವಾ ಮೇಡಂ? ಮನೆ ಸಾಲ ಬೇರೆ ಇದೆ. ಒಂದು ವರ್ಷ ಸುಮ್ಮನೆ ಕೂರ್ಬೇಕಾ?" ಅಂದ್ರು.

ಬೇಡ ಅಂತ ಬರೆದುಕೊಟ್ಟೆ. 1872ರ ಭಾರತೀಯ ಒಪ್ಪಂದ ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ, ಕಾನೂನುಬದ್ಧ ವೃತ್ತಿ ಮಾಡದಂತೆ ಯಾರನ್ನಾದರೂ ತಡೆಯುವ ಒಪ್ಪಂದ ಆ ಮಟ್ಟಿಗೆ ಅನೂರ್ಜಿತ. ಸಹಿ ಹಾಕಿದ್ದರೂ ಅಷ್ಟೇ. ಕ್ರಿಕೆಟಿಗ ಜಹೀರ್ ಖಾನ್ ಮತ್ತು ಅವರ ಹಳೆಯ ಏಜೆನ್ಸಿ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2006ರಲ್ಲಿ ಇದನ್ನೇ ಹೇಳಿತು. ಒಪ್ಪಂದ ಮುಗಿದ ಮೇಲೂ ಮುಂದುವರಿಯುವ ನಿರ್ಬಂಧ ನ್ಯಾಯಯುತವೋ ಅಲ್ಲವೋ ಅನ್ನೋ ಪ್ರಶ್ನೆಯೇ ಅಲ್ಲಿ ಬರೋದಿಲ್ಲ. ಹಾಗಾಗಿ 12 ತಿಂಗಳ ಬದಲು ಮೂರೇ ತಿಂಗಳು ಅಂತ ಬರೆದಿದ್ದರೂ ಉತ್ತರ ಬದಲಾಗ್ತಿರಲಿಲ್ಲ.

ಆದರೆ ಒಂದು ಎಚ್ಚರಿಕೆ ಇದೆ. 1967ರ ಗೋಲಿಕರಿ ಪ್ರಕರಣ ನೋಡಿ. ಟೈರ್ ಕಾರ್ಡ್ ನೂಲು ತಯಾರಿಸುವ ಘಟಕದ ಶಿಫ್ಟ್ ಸೂಪರ್‌ವೈಸರ್ ಐದು ವರ್ಷದ ಕರಾರು ಮಾಡಿಕೊಂಡು, ತರಬೇತಿ ಪಡೆದು, ಅವಧಿ ಮುಗಿಯೋ ಮೊದಲೇ ಪ್ರತಿಸ್ಪರ್ಧಿ ಕಂಪನಿ ಸೇರಿದರು. ಸುಪ್ರೀಂ ಕೋರ್ಟ್ ತಡೆಯಾಜ್ಞೆಯನ್ನು ಎತ್ತಿಹಿಡಿಯಿತು. ಯಾಕಂದ್ರೆ ಕರಾರಿನ ಅವಧಿ ಇನ್ನೂ ಬಾಕಿ ಇತ್ತು. ನಮ್ಮ ಇಂಜಿನಿಯರ್‌ಗೆ ನೋಟಿಸ್ ಪೀರಿಯಡ್ 60 ದಿನ. ಅಷ್ಟು ದಿನ ಅವರು ಹಳೆಯ ಕಂಪನಿಯ ನೌಕರರೇ. ಸಂಜೆ ಹೊತ್ತು ಹೊಸಬರಿಗೆ "ಸ್ವಲ್ಪ ಸಹಾಯ" ಮಾಡಿದರೂ ಷರತ್ತು ಮುರಿದ ಹಾಗೆ.

ಎರಡನೆಯದು ಕಂಪನಿಯ ಗುಟ್ಟು. ಕೆಲಸ ಮಾಡ್ತಾ ಕಲಿತ ಕೌಶಲ ಅವರದ್ದು, ಅದನ್ನ ಯಾರೂ ತಡೆಯೋಕಾಗಲ್ಲ. ಕೋಡ್, ಗ್ರಾಹಕರ ಪಟ್ಟಿ, ದರದ ಲೆಕ್ಕ ಕಂಪನಿಯದ್ದು. ಕೊನೇ ವಾರ ಸ್ವಂತ ಜಿಮೇಲ್‌ಗೆ ಫೈಲ್ ಕಳಿಸಿಕೊಂಡರೆ ಅದು ಸರ್ವರ್ ಲಾಗ್‌ನಲ್ಲಿ ಕಾಣುತ್ತೆ. ಆಮೇಲೆ 27ನೇ ಸೆಕ್ಷನ್ ಕೈಹಿಡಿಯಲ್ಲ.

ಬಾಂಡ್ ಇದ್ದರೆ ಮಾತು ಬೇರೆ. ಮೂರು ವರ್ಷದೊಳಗೆ ಬಿಟ್ಟರೆ 2 ಲಕ್ಷ ರೂಪಾಯಿ ಕಟ್ಟಬೇಕು ಅನ್ನೋ ವಿಜಯಾ ಬ್ಯಾಂಕಿನ ಷರತ್ತನ್ನ ಕರ್ನಾಟಕ ಹೈಕೋರ್ಟ್ ಒಪ್ಪಿರಲಿಲ್ಲ, ಸುಪ್ರೀಂ ಕೋರ್ಟ್ 2025ರಲ್ಲಿ ಒಪ್ಪಿತು. ಅದು ಬೇರೆ ಕಡೆ ಸೇರೋದನ್ನ ತಡೆಯಲ್ಲ, ಬೇಗ ಬಿಟ್ಟಿದ್ದಕ್ಕೆ ದುಡ್ಡು ಕೇಳುತ್ತೆ. ಇವರ ಲೆಟರ್‌ನಲ್ಲಿ ಬಾಂಡ್ ಇರಲಿಲ್ಲ.

ಎಚ್‌ಆರ್‌ಗೆ ನಾಲ್ಕು ಸಾಲಿನ ಉತ್ತರ ಬರೆದುಕೊಟ್ಟೆ: ನೋಟಿಸ್ ಅವಧಿ ಪೂರ್ತಿ ಮುಗಿಸ್ತೀನಿ, ಲ್ಯಾಪ್‌ಟಾಪ್ ಒಪ್ಪಿಸಿ ಸ್ವೀಕೃತಿ ಪಡೀತೀನಿ, ಗೌಪ್ಯತೆ ಕಾಪಾಡ್ತೀನಿ, 12 ತಿಂಗಳ ಷರತ್ತನ್ನ ಒಪ್ಪಲ್ಲ. ಅಲ್ಲಿಂದ ಮತ್ತೆ ಮೇಲ್ ಬಂದಿಲ್ಲ. ಇವತ್ತಿಗೆ ಅವರ ನೋಟಿಸ್‌ನ 43ನೇ ದಿನ.