ನೆಲ ಮಾತ್ರ ಬದಲಾಗಲಿ

ಮೈಸೂರಿನಲ್ಲಿರುವ ನನ್ನ ಅಕ್ಕನ ಮನೆಯ ಹಾಲು 12 ಅಡಿ ಅಗಲ, 15 ಅಡಿ ಉದ್ದ. ಎಡಗಡೆ ದೊಡ್ಡ ಕಿಟಕಿ, ಕೆಳಗೆ ಹಳೆಯ ಮೊಸಾಯಿಕ್ ನೆಲ. ಅದು ಅಲ್ಲಲ್ಲಿ ಬಿರುಕು ಬಿಟ್ಟಿದ್ದರಿಂದ ಬದಲಿಸಲೇಬೇಕಾಗಿತ್ತು. ಟೈಲ್ಸ್ ಅಂಗಡಿಯೊಂದರಲ್ಲಿ ಅವಳ ಹಾಲಿನ ಫೋಟೋ ಪಡೆದು, ಚಿತ್ರ ಹುಟ್ಟಿಸುವ ಎಐ ತಂತ್ರಾಂಶದಲ್ಲಿ ಹಾಕಿ, ನಾಲ್ಕು ಬಗೆಯ ನೆಲದ ನಾಲ್ಕು ಚಿತ್ರ ಮಾಡಿಕೊಟ್ಟರು. ವಿಟ್ರಿಫೈಡ್ ಟೈಲ್ಸ್‌ನ ಚಿತ್ರದಲ್ಲಿ ಕಿಟಕಿಯಿಂದ ಎಳೆಬಿಸಿಲು ಸುರಿಯುತ್ತಿತ್ತು, ಮೂಲೆಯಲ್ಲೊಂದು ಹಸಿರು ಕುಂಡ ಬೇರೆ. ರೆಡ್ ಆಕ್ಸೈಡ್ ನೆಲದ ಚಿತ್ರದಲ್ಲಿ ಮುಸ್ಸಂಜೆಯ ಮಬ್ಬು, ಗೋಡೆಗೆ ಒರಗಿದ ಹಳೆಯ ಮರದ ಬೆಂಚು.

"ವಿಟ್ರಿಫೈಡೇ ಚೆನ್ನಾಗಿದೆ ಕಣೋ" ಅಂದಳು ಅಕ್ಕ.

"ಅಕ್ಕ, ನೀನು ಮೆಚ್ಚಿಕೊಂಡಿರೋದು ಬಿಸಿಲನ್ನ" ಅಂದೆ.

ಮನೆಯ ಒಳವಿನ್ಯಾಸದ ಚಿತ್ರ ಮಾಡುವುದು ನನ್ನ ಕೆಲಸ. ಹೀಗೆ ಬೆಳಕನ್ನೋ ಕುಂಡವನ್ನೋ ನೋಡಿ ನೆಲ ಆರಿಸಿಕೊಂಡವರನ್ನು ಬಹಳ ಕಂಡಿದ್ದೇನೆ. ನೆಲ ಒಮ್ಮೆ ಹಾಕಿದರೆ ಇಪ್ಪತ್ತು ಮೂವತ್ತು ವರ್ಷ ಕಾಲ ಕೆಳಗಿರುತ್ತದೆ. ಅದನ್ನು ಆರಿಸುವ ಚಿತ್ರಗಳಲ್ಲಿ ನೆಲವೊಂದನ್ನು ಬಿಟ್ಟು ಉಳಿದೆಲ್ಲ ಒಂದೇ ಆಗಿರಬೇಕು. ಆ ಭಾನುವಾರ ಅಕ್ಕನ ಪಕ್ಕದಲ್ಲೇ ಕೂತು ನಾಲ್ಕೂ ಚಿತ್ರಗಳನ್ನು ಹೊಸದಾಗಿ ಮಾಡಿದೆವು.

ಇಂಥ ತಂತ್ರಾಂಶಗಳಲ್ಲಿ 2022ರ ಆಗಸ್ಟ್‌ನಲ್ಲಿ ಎಲ್ಲರಿಗೂ ಸಿಕ್ಕ ಸ್ಟೇಬಲ್ ಡಿಫ್ಯೂಷನ್ ಹೆಸರಾದದ್ದು. ಅದು ಚಿತ್ರ ಬಿಡಿಸುವ ಕ್ರಮ ನಮ್ಮ ಕಲಾವಿದರದಕ್ಕೆ ತದ್ವಿರುದ್ಧ. ಖಾಲಿ ಹಾಳೆಯ ಬದಲು, ಚಾನೆಲ್ ಸಿಗದ ಹಳೆಯ ಟೀವಿಯಲ್ಲಿ ಕಾಣುತ್ತಿದ್ದಂಥ ಚುಕ್ಕೆಗಳ ಗೊಂದಲದಿಂದ ಅದು ಶುರು ಮಾಡುತ್ತದೆ. ಹಂತಹಂತವಾಗಿ ಚುಕ್ಕೆಗಳನ್ನು ತಿಳಿಯಾಗಿಸುತ್ತ, ನಾವು ಬರೆದುಕೊಟ್ಟ ಮಾತಿಗೆ ಹೊಂದುವ ಆಕಾರಗಳನ್ನು ಹೊರತೆಗೆಯುತ್ತದೆ. ಮೊದಲ ಕೆಲವು ಹಂತಗಳಲ್ಲೇ ಎಲ್ಲಿ ಬೆಳಕು, ಎಲ್ಲಿ ನೆರಳು, ಎಲ್ಲಿ ದೊಡ್ಡ ವಸ್ತು ಎಂಬುದು ತೀರ್ಮಾನವಾಗುತ್ತದೆ. ಸಣ್ಣ ವಿವರಗಳು ಆಮೇಲೆ ಬರುತ್ತವೆ. ಹಾಗಾಗಿ ಮೊದಲ ಚುಕ್ಕೆಗಳು ಹೇಗೆ ಬಿದ್ದಿವೆ ಎಂಬುದರ ಮೇಲೆ ಇಡೀ ಚಿತ್ರದ ಹಣೆಬರಹ ನಿಂತಿದೆ.

ಆ ಚುಕ್ಕೆಗಳನ್ನು ಒಂದು ಸಂಖ್ಯೆಯಿಂದ ಹುಟ್ಟಿಸುತ್ತಾರೆ. ಅದೇ ಸೀಡ್, ಅಂದರೆ ಬೀಜಸಂಖ್ಯೆ. ಸ್ಟೇಬಲ್ ಡಿಫ್ಯೂಷನ್‌ನ 1.5 ಆವೃತ್ತಿಯಲ್ಲಿ 512 ಚುಕ್ಕಿ ಅಗಲ, ಅಷ್ಟೇ ಎತ್ತರದ ಚಿತ್ರ ಮಾಡುವಾಗ ಶುರುವಿನ ಗೊಂದಲ 16,384 ಸಂಖ್ಯೆಗಳದ್ದು. ಸೀಡ್ 4127 ಎಂದು ಕೊಟ್ಟರೆ ಆ 16,384 ಸಂಖ್ಯೆಗಳೂ ಪ್ರತಿ ಸಲ ಅವೇ ಬರುತ್ತವೆ. 4128 ಎಂದರೆ ಅಷ್ಟೂ ಬೇರೆ. ಪಕ್ಕದ ಸಂಖ್ಯೆ ಎಂದ ಮಾತ್ರಕ್ಕೆ ಪಕ್ಕದ ಚಿತ್ರ ಬರುವುದಿಲ್ಲ. ಚಿತ್ರದ ಅಳತೆ ಬದಲಾದರೂ ಗೊಂದಲ ಬದಲಾಗುತ್ತದೆ. ಒಂದೇ ಸೀಡನ್ನು ಬೇರೆ ತಂತ್ರಾಂಶಕ್ಕೆ ಕೊಟ್ಟರೂ ಅದೇ ಚಿತ್ರ ಬರುತ್ತದೆಂಬ ಖಾತ್ರಿಯಿಲ್ಲ. ಆದ್ದರಿಂದ ಹೋಲಿಕೆಯ ಎಲ್ಲ ಚಿತ್ರಗಳನ್ನೂ ಒಂದೇ ಕಂಪ್ಯೂಟರಿನಲ್ಲಿ, ಒಂದೇ ಅಳತೆಯಲ್ಲಿ, ಅಷ್ಟೇ ಹಂತಗಳಲ್ಲಿ ಮಾಡಬೇಕು.

ಅಂಗಡಿಯವರು ಎಡವಿದ್ದು ಬಹುಶಃ ಇಲ್ಲೇ. ಹೆಚ್ಚು ಜನ ಬಳಸುವ ತೆರೆಗಳಲ್ಲಿ `Seed` ಎಂಬ ಪೆಟ್ಟಿಗೆಯಲ್ಲಿ ಮೊದಲೇ `-1` ಎಂದಿರುತ್ತದೆ. ಅದರರ್ಥ, ಪ್ರತಿ ಸಲ ಮನಸ್ಸಿಗೆ ಬಂದ ಸಂಖ್ಯೆ ಹಾಕಿಕೋ ಎಂದು. ಅಲ್ಲಿ ಸಂಖ್ಯೆ ತುಂಬಿದವರೂ ಇನ್ನೊಂದು ಕಡೆ ಜಾರುತ್ತಾರೆ. ನಾಲ್ಕು ಚಿತ್ರ ಒಟ್ಟಿಗೆ ಬೇಕೆಂದು `Batch count` ನಾಲ್ಕು ಮಾಡಿದರೆ, ತಂತ್ರಾಂಶವು ಸುಮ್ಮನೆ 4127, 4128, 4129, 4130 ಎಂದು ಒಂದೊಂದೇ ಏರಿಸಿಕೊಂಡು ಹೋಗುತ್ತದೆ. ಒಂದೊಂದು ನೆಲಕ್ಕೆ ಒಂದೊಂದೇ ಚಿತ್ರ ತೆಗೆದು, ಕೆಳಗೆ ಬರುವ ವಿವರದಲ್ಲಿ ಸೀಡ್ ಎಷ್ಟೆಂದು ಓದಿ ನೋಡುವುದು ಕ್ಷೇಮ.

ನಾವು ಸೀಡ್ ಕಟ್ಟಿಹಾಕಿದೆವು. ಕೊಟ್ಟ ಮಾತು ಹೀಗಿತ್ತು. ಈ ಯಂತ್ರ ಕಲಿತದ್ದು ಬಹುಪಾಲು ಇಂಗ್ಲಿಷಿನಲ್ಲಿ, ಹಾಗಾಗಿ ಅದರಲ್ಲೇ ಬರೆಯಬೇಕು:

```
photo of a living room, smooth polished red oxide
cement floor, soft daylight from left window
```

ಉಳಿದ ಮೂರರಲ್ಲಿ ನಡುವಿನ ನೆಲದ ಮಾತು ಮಾತ್ರ ಬೇರೆ. ಶಹಾಬಾದಿ ಕಲ್ಲು ಎಂದರೆ ಯಂತ್ರಕ್ಕೆ ತಿಳಿಯುತ್ತದೆಂದು ನಂಬುವಂತಿಲ್ಲ. ಅದಕ್ಕೆ `matt grey limestone slabs` ಎಂದು ಕಲ್ಲಿನ ಗುಣವನ್ನೇ ಬರೆದೆ. ಚೆಟ್ಟಿನಾಡಿನ ಆತಂಗುಡಿ ಟೈಲ್ಸ್‌ಗೂ ಹಾಗೆಯೇ, ಬಣ್ಣದ ಹೂವಿನ ಸಿಮೆಂಟ್ ಬಿಲ್ಲೆ ಎಂದು. ಒಂದಕ್ಕೆ "ಸುಂದರ", "ಐಷಾರಾಮಿ" ಎಂದು ಸೇರಿಸಿ ಇನ್ನೊಂದಕ್ಕೆ ಬಿಟ್ಟರೆ ತಕ್ಕಡಿ ಅಲ್ಲೇ ವಾಲುತ್ತದೆ.

ಸೀಡ್ ಒಂದೇ ಆದರೂ ನಾಲ್ಕು ಚಿತ್ರಗಳು ನಾಲ್ಕು ದಾರಿ ಹಿಡಿದವು. ರೆಡ್ ಆಕ್ಸೈಡ್ ಎಂದ ಕೂಡಲೇ ಗೋಡೆ ಹಳದಿಗೆ ತಿರುಗಿ, ಕುರ್ಚಿಯ ಜಾಗದಲ್ಲಿ ಮರದ ಕಂಬ ಎದ್ದಿತು. ವಿಟ್ರಿಫೈಡ್ ಎಂದಾಗ ಸೋಫಾ ಹೊಸದಾಯಿತು. ಕಾರಣ ಇಷ್ಟೆ. ನಾವು ಬರೆದ ಒಂದೊಂದು ಪದವೂ ಚಿತ್ರದ ಎಲ್ಲ ಭಾಗಗಳನ್ನೂ ಮುಟ್ಟುತ್ತದೆ. ಯಂತ್ರ ಕಲಿತ ಫೋಟೋಗಳಲ್ಲಿ ಕೆಂಪು ನೆಲ ಇದ್ದದ್ದು ಹಳೆಯ ತೊಟ್ಟಿಮನೆಗಳಂಥ ಜಾಗಗಳಲ್ಲಿ, ಹೊಳೆವ ಟೈಲ್ಸ್ ಇದ್ದದ್ದು ಹೊಸ ಫ್ಲಾಟುಗಳಲ್ಲಿ. ನೆಲದ ಹೆಸರಿನ ಹಿಂದೆಯೇ ಇಡೀ ಮನೆ ಬರುತ್ತದೆ. ಸೀಡ್ ಹಿಡಿದಿಟ್ಟರೆ ಸಾಕು ಎಂದು ಹೇಳಿಕೊಡುವವರು ಈ ಅರ್ಧವನ್ನು ಬಿಟ್ಟುಬಿಡುತ್ತಾರೆ.

ಇದಕ್ಕೆ ಉಪಾಯ ಮಾಸ್ಕ್. ಅಕ್ಕನ ಹಾಲಿನ ಅಸಲಿ ಫೋಟೋ ತೆರೆದು, ನೆಲದ ಮೇಲೆ ಮಾತ್ರ ಕುಂಚ ಎಳೆದೆ. ಸೋಫಾದ ಕಾಲುಗಳ ಸುತ್ತ, ಬಾಗಿಲ ಹೊಸ್ತಿಲ ಅಂಚಿನಲ್ಲಿ ನಿಧಾನವಾಗಿ ಎಳೆಯಬೇಕಾಯಿತು. ಹೀಗೆ ಗುರುತು ಮಾಡಿದ ಜಾಗದಲ್ಲಷ್ಟೇ ಯಂತ್ರ ಹೊಸದಾಗಿ ಬಿಡಿಸುತ್ತದೆ, ಉಳಿದದ್ದು ಫೋಟೋದಲ್ಲಿದ್ದಂತೆ ಉಳಿಯುತ್ತದೆ. ಹಳೆಯದನ್ನು ಎಷ್ಟು ಅಳಿಸಬೇಕು ಎನ್ನುವುದಕ್ಕೆ `Denoising strength` ಎಂಬ ತಿರುಪು ಇದೆ. ಅದನ್ನು ಅರ್ಧಕ್ಕೆ ಇಟ್ಟಾಗ ಹಳೆಯ ಮೊಸಾಯಿಕ್ಕಿನ ಬೂದು ಎಲ್ಲ ನೆಲಗಳಿಗೂ ಸೋರಿತು. ಕೆಂಪು ಮಂಕಾಯಿತು, ಶಹಾಬಾದಿಗೆ ಮಾತ್ರ ಲಾಭವಾಯಿತು. 1ರ ಹತ್ತಿರ ಇಟ್ಟ ಮೇಲೆ ಆ ಪಕ್ಷಪಾತ ಹೋಯಿತು.

ನಿಜಕ್ಕೂ ನೆಲ ಮಾತ್ರ ಬದಲಾಗಿದೆಯೇ ಎಂದು ಕಣ್ಣಳತೆಯಲ್ಲಿ ಹೇಳಲಾಗದು. ಫೋಟೋ ತಿದ್ದುವ ತಂತ್ರಾಂಶದಲ್ಲಿ ಒಂದರ ಮೇಲೊಂದು ಚಿತ್ರ ಇಟ್ಟು `Difference` ಎಂಬ ಬಗೆ ಆರಿಸಿದರೆ, ಎರಡರಲ್ಲೂ ಒಂದೇ ಆಗಿರುವ ಜಾಗ ಕಪ್ಪಾಗಿಯೂ ಬೇರೆಯಾದ ಜಾಗ ಬೆಳಕಾಗಿಯೂ ಕಾಣುತ್ತದೆ. ಮೊದಲು ಅದೇ ನೆಲ, ಅದೇ ಸೀಡ್‌ನಲ್ಲಿ ಎರಡು ಸಲ ತೆಗೆದು ನೋಡಿ. ಪೂರ್ತಿ ಕಪ್ಪು ಬರಬೇಕು. ಬರದಿದ್ದರೆ ಬೇರೇನೋ ಸದ್ದಿಲ್ಲದೆ ಬದಲಾಗುತ್ತಿದೆ ಎಂದರ್ಥ. ಆಮೇಲೆ ಎರಡು ನೆಲಗಳನ್ನು ಹೋಲಿಸಿದಾಗ ನೆಲವಷ್ಟೇ ಬೆಳಗಿ, ಗೋಡೆ, ಕಿಟಕಿ, ಸೋಫಾ ಕಪ್ಪಾಗಿರಬೇಕು.

ಇಷ್ಟಾದ ಮೇಲೂ ಒಂದೇ ಸೀಡ್ ನಂಬಿ ತೀರ್ಪು ಕೊಡಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. 4127ರಲ್ಲಿ ವಿಟ್ರಿಫೈಡ್ ನೆಲದ ನಡುವೆ ಬಿಸಿಲಿನ ಒಂದು ಪಟ್ಟೆ ಬಂದಿತ್ತು, ನೋಡಿದ ತಕ್ಷಣ ಕಣ್ಣು ಅಲ್ಲಿಗೇ ಹೋಗುತ್ತಿತ್ತು. ಇನ್ನೆರಡು ಸೀಡ್ ಆರಿಸಿ, ಪ್ರತಿಯೊಂದರಲ್ಲೂ ನಾಲ್ಕು ನೆಲ ತೆಗೆದೆವು. ಒಟ್ಟು 12 ಚಿತ್ರ, ಸೀಡಿಗೊಂದು ಸಾಲು. ಉಳಿದ ಎರಡು ಸಾಲುಗಳಲ್ಲಿ ಆ ಪಟ್ಟೆ ಇರಲಿಲ್ಲ, ಅದು ಚುಕ್ಕೆಗಳು ಬಿದ್ದ ಅದೃಷ್ಟ. ಆತಂಗುಡಿಯ ಹೂವುಗಳು ಅಕ್ಕನ ಹೂವಿನ ಪರದೆಯೊಂದಿಗೆ ಜಗಳವಾಡಿದ್ದು ಮಾತ್ರ ಮೂರೂ ಸಾಲುಗಳಲ್ಲಿ ಇತ್ತು. ಮೂರರಲ್ಲೂ ಕಂಡದ್ದನ್ನು ನಂಬಿ, ಒಂದರಲ್ಲಿ ಮಾತ್ರ ಕಂಡದ್ದನ್ನು ಬಿಟ್ಟೆವು.

ಟೈಲ್ಸ್ ಅಳತೆಯಲ್ಲೂ ಎಚ್ಚರ ಬೇಕು. ಯಂತ್ರಕ್ಕೆ ಅಡಿ, ಅಂಗುಲ ತಿಳಿಯದು. 2 ಅಡಿಯ ಟೈಲ್ಸ್ ಆದರೆ 12 ಅಡಿ ಅಗಲಕ್ಕೆ 6 ಬರಬೇಕು. ನಮ್ಮ ಚಿತ್ರದಲ್ಲಿ ಎಣಿಸಿದರೆ 9 ಇದ್ದವು. ಕೀಲುಗಳು ಹೆಚ್ಚಾದಷ್ಟೂ ಕೋಣೆ ಗಿಜಿಗುಡುವಂತೆ ಕಾಣುತ್ತದೆ, ಆ ದೋಷ ಟೈಲ್ಸ್‌ನದ್ದಲ್ಲ. ಮಾತನ್ನು `large square tiles` ಎಂದು ತಿದ್ದಿ, ಎಣಿಕೆ ಆರಕ್ಕೆ ಬರುವವರೆಗೂ ಮತ್ತೆ ಮಾಡಿಸಿದೆ. ಆಗ ಉಳಿದ ಮೂರು ನೆಲಗಳನ್ನೂ ಅದೇ ಸೀಡ್‌ನಲ್ಲಿ ಮತ್ತೆ ತೆಗೆಯಬೇಕಾಯಿತು.

ಇಷ್ಟು ಕಟ್ಟುನಿಟ್ಟು ಮಾಡಿದಾಗ ಕಳೆದುಹೋಗುವುದೂ ಒಂದಿದೆ. ನೆಲ ಬದಲಾದರೆ ನಿಜದಲ್ಲಿ ಗೋಡೆಯೂ ಬದಲಾಗುತ್ತದೆ. ತಿಳಿಬಣ್ಣದ ನೆಲ ಕಿಟಕಿಯ ಬೆಳಕನ್ನು ಮೇಲಕ್ಕೆ ಚಿಮ್ಮಿಸಿ ಸೂರನ್ನು ಬೆಳಗುತ್ತದೆ. ಗಾಢ ಕೆಂಪು ನೆಲ ಹೆಚ್ಚಿನ ಬೆಳಕನ್ನು ನುಂಗಿ, ಗೋಡೆಯ ಕೆಳಭಾಗಕ್ಕೆ ತನ್ನ ಕೆಂಪಿನ ಛಾಯೆ ಕೊಡುತ್ತದೆ. ಮಾಸ್ಕ್ ಹಾಕಿದ ಚಿತ್ರದಲ್ಲಿ ಗೋಡೆ ಹಳೆಯ ಮೊಸಾಯಿಕ್ಕಿನ ಬೆಳಕಿನಲ್ಲೇ ನಿಂತಿರುತ್ತದೆ. ಹೀಗಾಗಿ ಬಣ್ಣ, ವಿನ್ಯಾಸ, ಕೀಲು, ಪೀಠೋಪಕರಣದ ಹೊಂದಿಕೆ ನೋಡಲು ಈ ಚಿತ್ರಗಳು ಸಾಕು. ಕೋಣೆ ಎಷ್ಟು ಬೆಳಗುತ್ತದೆ ಎಂಬುದಕ್ಕೆ ಇವು ಸಾಕ್ಷಿ ಹೇಳಲಾರವು. ಅದು ಬೇಕಾದವರು ಬ್ಲೆಂಡರ್‌ನಂಥ ತಂತ್ರಾಂಶದಲ್ಲಿ ಕೋಣೆಯನ್ನೇ ಕಟ್ಟಿ ಬೆಳಕಿನ ಪುಟಿತವನ್ನು ಲೆಕ್ಕ ಹಾಕಿಸಬೇಕು. ಅದಕ್ಕೆ ದಿನಗಟ್ಟಲೆ ಕೆಲಸವಿದೆ. ಕಾಲಿಗೆ ತಾಗುವ ತಣ್ಪು, ಒದ್ದೆಯಾದಾಗ ಜಾರುವುದು, ಎಣ್ಣೆ ಕಲೆ ಉಳಿಯುವುದು ಯಾವ ಚಿತ್ರಕ್ಕೂ ಸಿಗದು.

ಹನ್ನೆರಡು ಚಿತ್ರ ನೋಡಿದ ಅಕ್ಕ ಆತಂಗುಡಿಯನ್ನೂ ವಿಟ್ರಿಫೈಡನ್ನೂ ಪಕ್ಕಕ್ಕಿಟ್ಟಳು. ಉಳಿದದ್ದು ರೆಡ್ ಆಕ್ಸೈಡ್ ಮತ್ತು ಶಹಾಬಾದಿ. ಎರಡರ ತುಂಡನ್ನೂ ತರಿಸಿ ಕಿಟಕಿಯ ಕೆಳಗೆ ಇಟ್ಟು, ಬೆಳಿಗ್ಗೆ, ಮಧ್ಯಾಹ್ನ, ಟ್ಯೂಬ್‌ಲೈಟ್ ಹಾಕಿದ ಮೇಲೆ ನೋಡಿದಳು. ಬರಿಗಾಲಲ್ಲಿ ತುಳಿದಳು. ಕೊನೆಗೆ ಹಾಲಿಗೆ ಬಿದ್ದದ್ದು ಶಹಾಬಾದಿ ಕಲ್ಲು.

ನಿಮಗೂ ಯಾರಾದರೂ ಇಂಥ ಚಿತ್ರ ಮಾಡಿ ತೋರಿಸಿದರೆ, ನೆಲ ನೋಡುವ ಮೊದಲು ಕಿಟಕಿ ನೋಡಿ. ನಾಲ್ಕು ಚಿತ್ರಗಳಲ್ಲಿ ಕಿಟಕಿಯ ಬೆಳಕು ನಾಲ್ಕು ಥರ ಇದ್ದರೆ, ಒಂದೇ ಸೀಡ್‌ನಲ್ಲಿ, ನೆಲಕ್ಕೆ ಮಾತ್ರ ಮಾಸ್ಕ್ ಹಾಕಿ ಮತ್ತೊಮ್ಮೆ ಮಾಡಿಕೊಡಿ ಎಂದು ಕೇಳಿ. ಅವರಿಗೆ ಅದು ಹೆಚ್ಚು ಹೊತ್ತಿನ ಕೆಲಸವಲ್ಲ.